ಒಂಬತ್ತೂವರೆಗೆ ಬೇಕಾದ ಅಂಕಿ: ಡ್ಯಾಶ್‌ಬೋರ್ಡ್ ಎಷ್ಟು ಹೊತ್ತಿಗೊಮ್ಮೆ ರಿಫ್ರೆಶ್ ಆಗಬೇಕು?

ಹೊಸ ಡ್ಯಾಶ್‌ಬೋರ್ಡ್ ಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಇದು: ಇದು ಎಷ್ಟು ಹೊತ್ತಿಗೊಮ್ಮೆ ರಿಫ್ರೆಶ್ ಆಗಬೇಕು? ಹೆಚ್ಚಿನವರು "ರಿಯಲ್ ಟೈಮ್ ಇದ್ದರೆ ಒಳ್ಳೆಯದು" ಅನ್ನುತ್ತಾರೆ. ನಿಮ್ಮಲ್ಲೂ ಬಹಳ ಜನ ಈ ಮಾತು ಕೇಳಿರುತ್ತೀರಿ, ಅಲ್ವಾ? ಹಾಗೆ ಕೇಳುವವರಿಗೆ ಹಳೆಯ ಅಂಕಿ ನೋಡಿ ಮೋಸಹೋದ ಅನುಭವ ಇರುತ್ತದೆ. ಅದಕ್ಕೇ ಕೇಳುತ್ತಾರೆ. ಆ ಅನುಭವವನ್ನು ಗೌರವಿಸಬೇಕು. ಆದರೆ ಅದಕ್ಕೆ ಮದ್ದು ರಿಫ್ರೆಶ್ ಜಾಸ್ತಿ ಮಾಡುವುದೇ ಆಗಿರಬೇಕು ಅಂತೇನಿಲ್ಲ. ನಾನು ಕೂತು ಮಾಡಿದ ಒಂದು ಕೆಲಸವನ್ನೇ ಹಿಡಿದು ಇದನ್ನು ಬಿಡಿಸಿ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ಸ್ವಲ್ಪ ದುಂಡಗೆ ಮಾಡಿಕೊಂಡಿದ್ದೇನೆ.

ಅದು ಆರ್ಡರ್‌ಗಳನ್ನು ಪ್ಯಾಕ್ ಮಾಡಿ ಕಳಿಸುವ ಒಂದು ಗೋದಾಮು. ದಿನಕ್ಕೆ ಮೂರು ಲಾರಿ ಹೊರಡುತ್ತವೆ: ಬೆಳಗ್ಗೆ 11, ಮಧ್ಯಾಹ್ನ 3, ಸಂಜೆ 7. ಬಾಕಿ ಆರ್ಡರ್ ಜಾಸ್ತಿ ಇದ್ದರೆ ಇನ್ನೊಂದು ಲಾರಿ ಕರೆಸಬಹುದು. ಆದರೆ ಒಂದೂವರೆ ಗಂಟೆ ಮುಂಚೆ ಹೇಳಬೇಕು. ಅಂದರೆ ನಿರ್ಧಾರ ಆಗುವುದು 9:30, 1:30 ಮತ್ತು 5:30ಕ್ಕೆ. ಗೋದಾಮಿನ ಮ್ಯಾನೇಜರ್ ಮುಂದಿದ್ದ ಡ್ಯಾಶ್‌ಬೋರ್ಡ್‌ನಲ್ಲಿ ನಾಲ್ಕು ಅಂಕಿಗಳಿದ್ದವು: ಬಾಕಿ ಆರ್ಡರ್, ಒಂದೊಂದು ಮೇಜಿನಲ್ಲಿ ಎಷ್ಟು ಜನ ಪ್ಯಾಕ್ ಮಾಡುತ್ತಿದ್ದಾರೆ, ವಾಪಸ್ ಬಂದ ಮಾಲು, ತಿಂಗಳ ಒಟ್ಟು ವಹಿವಾಟು. ನಾಲ್ಕೂ ಐದು ನಿಮಿಷಕ್ಕೊಮ್ಮೆ ರಿಫ್ರೆಶ್ ಆಗುತ್ತಿದ್ದವು.

ಒಂದು ದಿನ ಆ ಮ್ಯಾನೇಜರ್ ಮೇಡಂ ಫೋನ್ ಮಾಡಿದರು. "ಸರ್, ಐದು ನಿಮಿಷ ಸಾಲುವುದಿಲ್ಲ, ಒಂದು ನಿಮಿಷಕ್ಕೆ ಇಳಿಸಿ" ಅಂದರು. ಆವತ್ತು ಬೆಳಗ್ಗೆ ಒಂಬತ್ತೂವರೆಗೆ ಬಾಕಿ ಕಮ್ಮಿ ಇದೆ ಅಂತ ನೋಡಿ ಅವರು ಎರಡನೇ ಲಾರಿ ಕರೆಸಿರಲಿಲ್ಲ. ಹನ್ನೊಂದಕ್ಕೆ ಲಾರಿ ತುಂಬಿ ಹೊರಟಿತು, ಎಂಬತ್ತು ಪೆಟ್ಟಿಗೆ ಅಲ್ಲೇ ಉಳಿದವು. ತೆರೆಯ ಮೂಲೆಯಲ್ಲಿ "ಕೊನೆಯ ರಿಫ್ರೆಶ್ 9:28" ಅಂತ ಇತ್ತು. ಎರಡು ನಿಮಿಷ ಹಿಂದಿನ ಅಂಕಿ ಅಂತ ನಂಬಿಕೊಂಡೇ ಅವರು ನಿರ್ಧಾರ ಮಾಡಿದ್ದರು.

ನಾವು ಆ 9:28ರ ಅಂಕಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕುತ್ತಾ ಹೋದೆವು. ಗೋದಾಮಿನ ಸಾಫ್ಟ್‌ವೇರ್‌ನಿಂದ ಡೇಟಾ ಎತ್ತಿಕೊಳ್ಳುವ ಜಾಬ್ ಅರ್ಧ ಗಂಟೆಗೊಮ್ಮೆ, ಅಂದರೆ 9:00ಕ್ಕೆ, 9:30ಕ್ಕೆ, ಹೀಗೆ ಶುರುವಾಗುತ್ತಿತ್ತು. ಅದು ಮುಗಿಯಲು ಎಂಟು ನಿಮಿಷ. ಆಮೇಲೆ ಆ ಡೇಟಾವನ್ನು ಸೇರಿಸಿ, ಕೂಡಿಸಿ, ಡ್ಯಾಶ್‌ಬೋರ್ಡ್ ಓದುವ ಟೇಬಲ್ ಮಾಡುವ ಇನ್ನೊಂದು ಜಾಬ್. ಅದು ಪ್ರತಿ ಗಂಟೆ ಐದನೇ ನಿಮಿಷಕ್ಕೆ ಶುರು, ಹದಿನೈದು ನಿಮಿಷದ ಕೆಲಸ. ಕೊನೆಗೆ ತೆರೆ, ಐದು ನಿಮಿಷಕ್ಕೊಮ್ಮೆ.

ಈಗ ಗಡಿಯಾರ ಹಿಡಿದು ನೋಡಿ. 9:00ಕ್ಕೆ ಎತ್ತಿಕೊಂಡ ಡೇಟಾ ಬಂದು ಮುಟ್ಟುವುದು 9:08ಕ್ಕೆ. ಟೇಬಲ್ ಮಾಡುವ ಜಾಬ್ ಅಷ್ಟರಲ್ಲಿ, 9:05ಕ್ಕೇ, ಹೊರಟುಬಿಟ್ಟಿದೆ. ಅದರ ಕೈಗೆ ಸಿಕ್ಕಿರುವುದು 8:30ರ ಡೇಟಾ. 9:20ಕ್ಕೆ ಅದು ಮುಗಿಯುತ್ತದೆ. 9:28ಕ್ಕೆ ತೆರೆ ರಿಫ್ರೆಶ್ ಆಗಿ ಅದೇ 8:30ರ ಅಂಕಿ ತೋರಿಸುತ್ತದೆ. ಎರಡು ನಿಮಿಷ ಹಿಂದಿನದು ಅಂದುಕೊಂಡ ಅಂಕಿ ಒಂದು ಗಂಟೆ ಹಳೆಯದು.

ಇನ್ನೂ ಕೆಟ್ಟ ಹೊತ್ತು ಬೇರೆ ಇದೆ. 9:31ಕ್ಕೆ ಬಂದ ಆರ್ಡರ್ ಒಂದನ್ನು ತಗೊಳ್ಳಿ. 9:30ರ ಜಾಬ್ ತಪ್ಪಿತು. 10:00ರದ್ದು ಅದನ್ನು ಎತ್ತಿಕೊಂಡು 10:08ಕ್ಕೆ ತಂದಿಟ್ಟಿತು. 10:05ರ ಟೇಬಲ್ ಜಾಬ್ ಆಗಲೇ ಹೋಗಿದೆ, ಇನ್ನು 11:05ರ ವರೆಗೆ ಕಾಯಬೇಕು. ತೆರೆಗೆ ಬರುವಾಗ 11:20 ದಾಟಿದೆ, ಲಾರಿ ಹೊರಟು ಇಪ್ಪತ್ತು ನಿಮಿಷ ಆಗಿದೆ. ತೆರೆಯನ್ನು ಒಂದು ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡಿದ್ದರೆ ಏನಾಗುತ್ತಿತ್ತು? ಅದೇ ಹಳೆಯ ಅಂಕಿ ಗಂಟೆಗೆ ಹನ್ನೆರಡು ಸಲದ ಬದಲು ಅರವತ್ತು ಸಲ ಬರುತ್ತಿತ್ತು, ಅಷ್ಟೇ.

ಇದು ಗೋದಾಮಿನಲ್ಲಿ ಮಾತ್ರ ಅಲ್ಲ. ಸರ್ವರ್‌ಗಳನ್ನು ನೋಡಿಕೊಳ್ಳುವವರು ಇಲ್ಲಿದ್ದರೆ ಗ್ರಫಾನಾ ತೆರೆದು ನೋಡಿ. ಮೇಲ್ಗಡೆ ರಿಫ್ರೆಶ್ ಆಯ್ಕೆಯಲ್ಲಿ `5s` ಇರುತ್ತದೆ, ಬಹಳ ಜನ ಅದನ್ನೇ ಒತ್ತಿ ಬಿಡುತ್ತಾರೆ. ಹಿಂದೆ ಅಳತೆಗಳನ್ನು ಎತ್ತಿಕೊಂಡು ಬರುವ ಪ್ರಾಮಿಥಿಯಸ್ ಇದ್ದು, `scrape_interval` ಅನ್ನು ಯಾರೂ ಎಲ್ಲೂ ಬರೆದಿರದಿದ್ದರೆ ಅದು ಒಂದು ನಿಮಿಷ. ಹೊಸ ಅಳತೆ ನಿಮಿಷಕ್ಕೆ ಒಂದೇ ಬರುತ್ತದೆ. ಐದು ಸೆಕೆಂಡಿಗೊಮ್ಮೆ ಕೇಳಿದರೆ ಹನ್ನೆರಡರಲ್ಲಿ ಹನ್ನೊಂದು ಸಲ ಹೊಸದೇನೂ ಸಿಗುವುದಿಲ್ಲ. ಅದಕ್ಕೇ ನಾನು ಮೊದಲು ಸರಪಳಿಯ ಎಲ್ಲ ಕೊಂಡಿಗಳನ್ನೂ ಒಂದು ಹಾಳೆಯ ಮೇಲೆ ಬರೆಯುತ್ತೇನೆ. ಯಾವುದು ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತು ಹಿಡಿಯುತ್ತದೆ. ತೆರೆಯ ರಿಫ್ರೆಶ್ ಯಾವಾಗಲೂ ಕೊನೆಯ ಕೊಂಡಿ. ಹಿಂದಿನ ಕೊಂಡಿಗಿಂತ ಅದು ಎಷ್ಟು ಬೇಗ ಓಡಿದರೂ ಉಪಯೋಗವಿಲ್ಲ.

ಗೋದಾಮಿನ ಸರಪಳಿಗೆ ನಾವು ಮಾಡಿದ ಮೊದಲ ಬದಲಾವಣೆ ತುಂಬಾ ಚಿಕ್ಕದು. ಟೇಬಲ್ ಜಾಬನ್ನು ಐದನೇ ನಿಮಿಷದಿಂದ ಹತ್ತನೇ ನಿಮಿಷಕ್ಕೆ ತಳ್ಳಿದೆವು. ಈಗ ಅದಕ್ಕೆ 9:08ಕ್ಕೆ ಬಂದ 9:00ರ ಡೇಟಾ ಸಿಗುತ್ತದೆ, 9:25ಕ್ಕೆ ಕೆಲಸ ಮುಗಿಯುತ್ತದೆ. ಒಂಬತ್ತೂವರೆಗೆ ಮೇಡಂ ನೋಡುವ ಅಂಕಿಯ ವಯಸ್ಸು ಅರವತ್ತು ನಿಮಿಷದಿಂದ ಮೂವತ್ತಕ್ಕೆ ಇಳಿಯಿತು. ಜಾಬ್ ತಡವಾಗಿ ಶುರುವಾಯಿತು, ಅಂಕಿ ಹೊಸದಾಯಿತು. ಒಂದು ಪೈಸೆ ಖರ್ಚಿಲ್ಲ.

ಆದರೆ ಇದನ್ನು ಹಾಗೇ ಬಿಡುವಂತಿರಲಿಲ್ಲ. ತಿಂಗಳ ಕೊನೆಗೆ ಡೇಟಾ ಎತ್ತುವ ಜಾಬ್ ಎಂಟರ ಬದಲು ಹನ್ನೆರಡು ನಿಮಿಷ ತಗೊಳ್ಳುತ್ತಿತ್ತು. ಆವತ್ತು ಹತ್ತನೇ ನಿಮಿಷದ ಜಾಬ್ ಮತ್ತೆ ಹಳೆಯ ಡೇಟಾ ಹಿಡಿದುಕೊಂಡು ಹೊರಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಗಡಿಯಾರವನ್ನು ತೆಗೆದು ಕೊಂಡಿಗೆ ಕೊಂಡಿ ಕಟ್ಟಿದೆವು. ಡೇಟಾ ಬಂದು ಮುಟ್ಟಿದ ಮೇಲೆ ಟೇಬಲ್ ಜಾಬ್, ಅದು ಮುಗಿದ ಮೇಲೆ ತೆರೆಯ ರಿಫ್ರೆಶ್. ಸಾಮಾನ್ಯ ದಿನ 9:23ಕ್ಕೆ ಅಂಕಿ ಸಿದ್ಧ, ತಿಂಗಳ ಕೊನೆಗೆ 9:27ಕ್ಕೆ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಮೂವತ್ತು ನಿಮಿಷ ಹಳೆಯ ಅಂಕಿ ಸಾಕಾ, ಇನ್ನೂ ಹೊಸದು ಬೇಕಾ? ಇದಕ್ಕೆ ಅಂದಾಜಿನಲ್ಲಿ ಉತ್ತರ ಹೇಳಬಾರದು. ಅಳೆಯಬಹುದು. ಎರಡು ವಿಷಯ ಗೊತ್ತಾಗಬೇಕು: ಅಂಕಿ ಎಷ್ಟು ತಪ್ಪಿದ್ದರೆ ನಿರ್ಧಾರ ಕೆಡುತ್ತದೆ, ಮತ್ತು ಅರ್ಧ ಗಂಟೆಯಲ್ಲಿ ಅಂಕಿ ಎಷ್ಟು ಬದಲಾಗುತ್ತದೆ.

ಮೊದಲನೆಯದನ್ನು ಹೇಳಬಲ್ಲವರು ನಿರ್ಧಾರ ಮಾಡುವವರು ಮಾತ್ರ. ಮೇಡಂ ಪಕ್ಕ ಕೂತು ಕೇಳಿದೆ. ಅವರ ಲೆಕ್ಕ ಸ್ಪಷ್ಟವಾಗಿತ್ತು. ಲಾರಿಗೆ 400 ಪೆಟ್ಟಿಗೆ ಹಿಡಿಯುತ್ತದೆ. ಒಂಬತ್ತೂವರೆಗೆ ಬಾಕಿ 320 ದಾಟಿದ್ದರೆ ಎರಡನೇ ಲಾರಿ ಕರೆಸುತ್ತಾರೆ, ಯಾಕೆಂದರೆ ಹನ್ನೊಂದರೊಳಗೆ ಇನ್ನೂ ಆರ್ಡರ್ ಬರುತ್ತವೆ. "ಐವತ್ತು ಆಚೆ ಈಚೆ ಆದರೆ ಹೇಗೋ ಹೊಂದಿಸುತ್ತೇನೆ. ಅದಕ್ಕಿಂತ ಜಾಸ್ತಿ ಆದರೆ ಕಷ್ಟ" ಅಂದರು. ನಮಗೆ ಬೇಕಾದ ಅಳತೆಗೋಲು ಸಿಕ್ಕಿತು: ಐವತ್ತು.

ಎರಡನೆಯದು ಡೇಟಾದಲ್ಲೇ ಇರುತ್ತದೆ. ಆದರೆ ಇಲ್ಲೊಂದು ತೊಡಕು. ಬಾಕಿ ಆರ್ಡರ್ ಅನ್ನುವುದು ಆ ಕ್ಷಣದ ಸ್ಥಿತಿ. ಆರ್ಡರ್ ಹೊರಟ ಕೂಡಲೇ ಅದೇ ಸಾಲಿನಲ್ಲಿ ಹೊಸ ಸ್ಥಿತಿ ಬರೆಯಲಾಗುತ್ತದೆ, ಹಳೆಯದು ಅಳಿಸಿಹೋಗುತ್ತದೆ. ಕಳೆದ ಮಂಗಳವಾರ ಒಂಬತ್ತು ಗಂಟೆಗೆ ಎಷ್ಟು ಬಾಕಿ ಇತ್ತು ಅಂತ ಆ ಟೇಬಲನ್ನು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಸ್ಥಿತಿ ಬದಲಾದ ಪ್ರತಿ ಸಲದ ಸಮಯ ಬರೆದಿಟ್ಟ ಲಾಗ್ ಬೇಕು. ನಮ್ಮ ಅದೃಷ್ಟಕ್ಕೆ ಅದು ಇತ್ತು. ಅದರಿಂದ ಹಿಂದಿನ ಎಂಟು ವಾರಗಳ ಬಾಕಿಯನ್ನು ಹದಿನೈದು ನಿಮಿಷಕ್ಕೊಂದರಂತೆ ಮತ್ತೆ ಕಟ್ಟಿಕೊಂಡೆವು. ನಿಮ್ಮಲ್ಲಿ ಅಂಥ ಲಾಗ್ ಇಲ್ಲದಿದ್ದರೆ ಇವತ್ತಿನಿಂದಲೇ ಹದಿನೈದು ನಿಮಿಷಕ್ಕೊಮ್ಮೆ ಆ ಒಂದು ಸಂಖ್ಯೆಯನ್ನು ಎಲ್ಲಾದರೂ ಬರೆದಿಡಿ. ಒಂದೆರಡು ತಿಂಗಳಲ್ಲಿ ಕೆಲಸಕ್ಕೆ ಬರುತ್ತದೆ. ಆಮೇಲಿನ ಕ್ವೆರಿ ಸರಳ:

```sql
select b.snap_at, b.pending - a.pending as diff
from pending_log a
join pending_log b
  on b.snap_at = a.snap_at + interval '30 minutes';
```

ಅರ್ಧ ಗಂಟೆಯಲ್ಲಿ ಬಾಕಿ ಹತ್ತರಲ್ಲಿ ಒಂಬತ್ತು ಸಲ 40ಕ್ಕಿಂತ ಜಾಸ್ತಿ ಅಲುಗಾಡಿರಲಿಲ್ಲ. ಅದೇ `60 minutes` ಅಂತ ಹಾಕಿದರೆ 90. ಮೇಡಂ ಹೇಳಿದ ಐವತ್ತರ ಒಂದು ಕಡೆ ಮೂವತ್ತು ನಿಮಿಷ ಬಿತ್ತು, ಇನ್ನೊಂದು ಕಡೆ ಒಂದು ಗಂಟೆ ಬಿತ್ತು. ಆ ದಿನ ಯಾಕೆ ಪೆಟ್ಟಿಗೆಗಳು ಉಳಿದವು ಅನ್ನುವುದೂ ಇದರಿಂದಲೇ ಗೊತ್ತಾಯಿತು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಇನ್ನೊಂದು ಹೆಜ್ಜೆ ಹೋದೆವು, ನನಗೆ ತುಂಬಾ ಇಷ್ಟವಾದ ಹೆಜ್ಜೆ. ಹಳೆಯ ನಿರ್ಧಾರಗಳನ್ನು ಮತ್ತೆ ಆಡಿಸಿ ನೋಡುವುದು. ಎಂಟು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಮೂರು ನಿರ್ಧಾರ. ಒಟ್ಟು 144. ಪ್ರತಿಯೊಂದಕ್ಕೂ ಆ ಕ್ಷಣದ ನಿಜವಾದ ಬಾಕಿ ನೋಡಿ "ಲಾರಿ ಬೇಕು" ಅಥವಾ "ಬೇಡ" ಅಂತ ಬರೆದೆವು. ಆಮೇಲೆ ಒಂದು ಗಂಟೆ ಹಳೆಯ ಅಂಕಿ ನೋಡಿದ್ದರೆ ಏನಾಗುತ್ತಿತ್ತು ಅಂತ ಬರೆದೆವು. 17 ಸಲ ನಿರ್ಧಾರ ಬೇರೆಯಾಯಿತು. ಅರ್ಧ ಗಂಟೆ ಹಳೆಯದಾದರೆ 4 ಸಲ. ಕಾಲು ಗಂಟೆ ಹಳೆಯದಾದರೆ 3 ಸಲ. ಒಂದು ಗಂಟೆಯಿಂದ ಅರ್ಧ ಗಂಟೆಗೆ ಬಂದಾಗ ಹದಿಮೂರು ನಿರ್ಧಾರ ಸರಿಯಾದವು. ಅಲ್ಲಿಂದ ಕಾಲು ಗಂಟೆಗೆ ಬಂದರೆ ಎಂಟು ವಾರಕ್ಕೆ ಒಂದೇ ಒಂದು. ಅದಕ್ಕಾಗಿ ಇಡೀ ಸರಪಳಿಯನ್ನು ಬೇಗ ಓಡಿಸಬೇಕು, ಗೋದಾಮಿನ ಸಾಫ್ಟ್‌ವೇರ್ ಮೇಲೆ ಭಾರ ಎರಡು ಪಟ್ಟು. ಮೇಡಂ ಈ ಮೂರು ಸಂಖ್ಯೆ ನೋಡಿದರು. "ಮೂವತ್ತು ಸಾಕು" ಅಂತ ಅವರೇ ಹೇಳಿದರು.

ಉಳಿದ ಅಂಕಿಗಳಿಗೆ ಬರುತ್ತೇನೆ. ಮೇಜುಗಳ ನಡುವೆ ಜನರನ್ನು ಬದಲಿಸುವುದು ಎರಡು ಗಂಟೆಗೊಮ್ಮೆ, 9:30ರಿಂದ ಸಂಜೆ 5:30ರ ವರೆಗೆ ಐದು ಸಲ. ಲಾರಿಯ ಮೂರು ಹೊತ್ತೂ ಇದರೊಳಗೇ ಬರುತ್ತವೆ. ಹಾಗಾಗಿ ಎರಡೂ ಅಂಕಿಗಳಿಗೆ ಒಂದೇ ಓಟ ಸಾಕಾಯಿತು. ತಿಂಗಳ ಒಟ್ಟು ವಹಿವಾಟಿನ ಮೇಲೆ ಗೋದಾಮಿನಲ್ಲಿ ಯಾರೂ ಏನೂ ನಿರ್ಧರಿಸುವುದಿಲ್ಲ. ರಾತ್ರಿ ಒಂದು ಸಲ.

ವಾಪಸ್ ಬಂದ ಮಾಲಿನ ಕಥೆ ಬೇರೆ. ಅಲ್ಲಿ ಜಾಸ್ತಿ ರಿಫ್ರೆಶ್ ಮಾಡಿದ್ದರಿಂದ ನಷ್ಟವೇ ಆಗುತ್ತಿತ್ತು. ಗಂಟೆಗೆ ಸರಾಸರಿ 25 ಪೆಟ್ಟಿಗೆ ವಾಪಸ್ ಬರುತ್ತಿದ್ದವು. 30 ದಾಟಿದರೆ ಅಂಕಿ ಕೆಂಪಾಗುತ್ತಿತ್ತು. ಕೆಂಪಾದರೆ ಯಾರಾದರೂ ಹೋಗಿ ಒಂದು ಮೇಜು ನಿಲ್ಲಿಸಿ ಪ್ಯಾಕಿಂಗ್ ಪರೀಕ್ಷೆ ಮಾಡುತ್ತಿದ್ದರು.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಒಂದಕ್ಕೊಂದು ಸಂಬಂಧವಿಲ್ಲದೆ ಬರುವ ಘಟನೆಗಳನ್ನು ಎಣಿಸಿದಾಗ, ಆ ಎಣಿಕೆ ಸುಮ್ನೆ ತಾನೇ ತಾನಾಗಿ ಹೆಚ್ಚುಕಮ್ಮಿ ಆಗುತ್ತದೆ. ಎಷ್ಟು ಅಂದರೆ, ಸರಿಸುಮಾರು ಸರಾಸರಿಯ ವರ್ಗಮೂಲದಷ್ಟು. 25ರ ವರ್ಗಮೂಲ 5. ಏನೂ ಕೆಟ್ಟಿರದ ದಿನವೂ 20 ಬರುತ್ತದೆ, 30 ಬರುತ್ತದೆ, ಆಗಾಗ 33 ಬರುತ್ತದೆ. ಹತ್ತು ಗಂಟೆ ಕೆಲಸದ ದಿನದಲ್ಲಿ ಸರಾಸರಿ ಒಂದು ಸಲ 30 ದಾಟುವುದು ಸಹಜ. ಅಂದರೆ ಏನೂ ತಪ್ಪಿಲ್ಲದಿದ್ದರೂ ದಿನಾ ಒಂದು ಮೇಜು ನಿಲ್ಲುತ್ತಿತ್ತು. ಅದೇ ಅಂಕಿಯನ್ನು ಐದು ನಿಮಿಷಕ್ಕೆ ಕತ್ತರಿಸಿದರೆ ಸರಾಸರಿ ಎರಡು ಪೆಟ್ಟಿಗೆ. ಅದು ಸೊನ್ನೆಯಾಗಬಹುದು, ಐದಾಗಬಹುದು, ಯಾವ ಅರ್ಥವೂ ಇಲ್ಲ. ಇಡೀ ದಿನಕ್ಕೆ ಕೂಡಿಸಿದರೆ 250, ಅಲುಗಾಟ 16ರಷ್ಟು. ಗಂಟೆಯ ಅಂಕಿ ನೂರಕ್ಕೆ ಇಪ್ಪತ್ತರಷ್ಟು ಅಲುಗಿದರೆ ದಿನದ ಅಂಕಿ ನೂರಕ್ಕೆ ಆರರಷ್ಟು ಮಾತ್ರ. ದಿನದ ಅಂಕಿ 300 ಆಯಿತು ಅಂದರೆ ಆಗ ನಿಜವಾಗಿಯೂ ಎದ್ದು ಹೋಗಿ ನೋಡಬೇಕು.

ಈ ಮಾತು ಬಂದಾಗ ನನಗೆ ಡೆಮಿಂಗ್ ನೆನಪಾಗುತ್ತಾರೆ. ಗುಣಮಟ್ಟದ ಬಗ್ಗೆ ಕೆಲಸ ಮಾಡಿದ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್. ಅವರು ತಮ್ಮ ತರಗತಿಗಳಲ್ಲಿ ಒಂದು ಆಲಿಕೆ ಇಟ್ಟು, ಅದರ ಮೂಲಕ ಗೋಲಿ ಬಿಟ್ಟು ಒಂದು ಗುರುತಿಗೆ ಹೊಡೆಯುವ ಪ್ರಯೋಗ ತೋರಿಸುತ್ತಿದ್ದರು. ಆಲಿಕೆಯನ್ನು ಗುರುತಿನ ಮೇಲೆ ಹಾಗೇ ಬಿಟ್ಟರೆ ಗೋಲಿಗಳು ಸುತ್ತಮುತ್ತ ಒಂದಿಷ್ಟು ಹರಡುತ್ತವೆ. ಪ್ರತಿ ಸಲ ಗೋಲಿ ಎಷ್ಟು ತಪ್ಪಿತೋ ಅಷ್ಟು ಆಲಿಕೆಯನ್ನು ಎದುರು ದಿಕ್ಕಿಗೆ ಸರಿಸುತ್ತಾ ಹೋದರೆ ಹರಡುವಿಕೆ ಕಮ್ಮಿಯಾಗಬೇಕು ಅನ್ನಿಸುತ್ತದೆ, ಅಲ್ವಾ? ಆಗುವುದು ತಿರುಗಾಮುರುಗ. ಹರಡುವಿಕೆಯನ್ನು ಅಳೆಯುವ ವೇರಿಯನ್ಸ್ ಎರಡು ಪಟ್ಟಾಗುತ್ತದೆ. ಐದು ನಿಮಿಷಕ್ಕೊಮ್ಮೆ ಅಂಕಿ ತೋರಿಸಿದರೆ ನಾವು ಒಬ್ಬ ಶ್ರದ್ಧೆಯ ಮ್ಯಾನೇಜರ್ ಕೈಗೆ ಆ ಆಲಿಕೆ ಕೊಟ್ಟಂತೆ. ಅವರು ಸರಿಸಿಯೇ ಸರಿಸುತ್ತಾರೆ. ವಾಪಸ್ ಮಾಲನ್ನು ನಾವು ದಿನಕ್ಕೊಂದು ಅಂಕಿ ಮಾಡಿದೆವು. ಪಕ್ಕದಲ್ಲಿ ಹಿಂದಿನ ಮೂವತ್ತು ದಿನದ ಗೆರೆ.

ಹಾಗಾದರೆ ಬೇಗ ರಿಫ್ರೆಶ್ ಆಗಬೇಕಾದ್ದು ಏನೂ ಇಲ್ಲವಾ? ಇದೆ. ಪೇಮೆಂಟ್ ನಿಂತುಹೋಯಿತು, ಸರ್ವರ್ ಬಿತ್ತು, ಯಂತ್ರ ಬಿಸಿಯಾಯಿತು. ಇವುಗಳಲ್ಲಿ ನಿಮಿಷವೂ ಮುಖ್ಯ. ಆದರೆ ಅಲ್ಲಿ ಬೇಕಾಗಿರುವುದು ಅಲರ್ಟ್. ತೆರೆ ಹತ್ತು ಸೆಕೆಂಡಿಗೊಮ್ಮೆ ಬದಲಾದರೂ, ನೋಡುವವರು ಅದರ ಮುಂದೆ ಕೂತಿಲ್ಲದಿದ್ದರೆ ಪ್ರಯೋಜನವಿಲ್ಲ. ಮಿತಿ ದಾಟಿದಾಗ ಫೋನ್ ಹೊಡೆದುಕೊಳ್ಳಬೇಕು. ಅದೂ ಒಂದು ಸಲ ದಾಟಿದ ಕೂಡಲೇ ಅಲ್ಲ. ಪ್ರಾಮಿಥಿಯಸ್‌ನಲ್ಲಿ `for: 5m` ಅಂತ ಬರೆದರೆ, ಐದು ನಿಮಿಷ ಬಿಡದೆ ದಾಟಿಕೊಂಡೇ ಇದ್ದರೆ ಮಾತ್ರ ಹೇಳುತ್ತದೆ.

ಖರ್ಚಿನ ಬಗ್ಗೆ ಒಂದು ಉದಾಹರಣೆ ಹೇಳಿಬಿಡುತ್ತೇನೆ, ಇದು ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಸ್ನೋಫ್ಲೇಕ್‌ನಂಥ ಡೇಟಾ ವೇರ್‌ಹೌಸ್‌ನಲ್ಲಿ ಯಂತ್ರ ಎಚ್ಚರವಿರುವಷ್ಟು ಹೊತ್ತಿಗೆ ದುಡ್ಡು. ಕೆಲಸ ಮುಗಿದು ಎಷ್ಟು ಸೆಕೆಂಡ್ ಆದ ಮೇಲೆ ಮಲಗಬೇಕು ಅಂತ `auto_suspend` ಹೇಳುತ್ತದೆ. ಅದು 300 ಇದೆ ಅಂದುಕೊಳ್ಳಿ, ಅಂದರೆ ಐದು ನಿಮಿಷ. ಡ್ಯಾಶ್‌ಬೋರ್ಡ್ ಕ್ವೆರಿ ಇಪ್ಪತ್ತು ಸೆಕೆಂಡಿನದು. ಐದು ನಿಮಿಷಕ್ಕೊಮ್ಮೆ ಕೇಳಿದರೆ ಅದು ಮಲಗುವುದೇ ಇಲ್ಲ, 24 ಗಂಟೆಯೂ ಎಚ್ಚರ. ಗಂಟೆಗೊಮ್ಮೆ ಕೇಳಿದರೆ ಪ್ರತಿ ಸಲ 320 ಸೆಕೆಂಡ್, ದಿನಕ್ಕೆ ಸುಮಾರು ಎರಡು ಗಂಟೆ ಎಂಟು ನಿಮಿಷ. ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದರೆ ರಾತ್ರಿ ಗೋದಾಮಿಗೆ ಬೀಗ ಹಾಕಿದ ಮೇಲೂ, ಯಾರೂ ನೋಡದ ತೆರೆಗಾಗಿ ಅದು ಎದ್ದೇ ಇರುತ್ತದೆ.

ಕೆಲವು ಕಡೆ ಸಾಫ್ಟ್‌ವೇರೇ ಮಿತಿ ಹಾಕುತ್ತದೆ. ಪವರ್ ಬಿಐ ಪ್ರೊ ಲೈಸೆನ್ಸ್‌ನಲ್ಲಿ, ಡೇಟಾ ತಂದು ಇಟ್ಟುಕೊಳ್ಳುವ ಮಾದರಿಗೆ, ದಿನಕ್ಕೆ ಎಂಟು ನಿಗದಿತ ರಿಫ್ರೆಶ್ ಮಾತ್ರ. ಎಂಟು ಸಾಲದು ಅಂತ ದೂರುವವರು ಹೆಚ್ಚಾಗಿ ಅದನ್ನು ಮೂರು ಗಂಟೆಗೊಂದರಂತೆ ಹಂಚಿರುತ್ತಾರೆ. ರಾತ್ರಿ ಎರಡೂವರೆಗೊಂದು, ಐದೂವರೆಗೊಂದು. ನಮಗೆ ಹಗಲಿಗೆ ಬೇಕಾದದ್ದು ಐದೇ. ಯಾವಾಗ ಬೇಕು ಅಂತ ಗೊತ್ತಿದ್ದರಿಂದ ಸಾಕಾಯಿತು.

ಇನ್ನು ತೆರೆಯ ಮೂಲೆಯ ಆ ಸಮಯ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಅದು. "ಕೊನೆಯ ರಿಫ್ರೆಶ್ 9:28" ಅನ್ನುವುದನ್ನು ನಾವು `now()` ಇಂದ ತೆಗೆದು ತೋರಿಸುತ್ತಿದ್ದೆವು. ಸರಪಳಿ ಪೂರ್ತಿ ನಿಂತುಹೋಗಿದ್ದರೂ ಅದು ಹೊಸ ಸಮಯವನ್ನೇ ತೋರಿಸುತ್ತದೆ. ಬದಲಿಗೆ ಡೇಟಾ ಎಷ್ಟು ಹೊತ್ತಿನವರೆಗಿನದು ಅಂತ ತೋರಿಸಬೇಕು. ಮೊದಲು ನಾವು ಕೊನೆಯ ಆರ್ಡರಿನ ಸಮಯ ತೆಗೆದುಕೊಂಡೆವು. ಅದರಲ್ಲೂ ತೊಂದರೆ ಇದೆ. ಬೆಳಗ್ಗೆ ಆರು ಗಂಟೆಗೆ ಆರ್ಡರ್ ಇರುವುದಿಲ್ಲ, ಎಲ್ಲ ಸರಿಯಿದ್ದರೂ ಅಂಕಿ ಹಳೆಯದಾಗಿ ಕಾಣುತ್ತದೆ. ಕೊನೆಗೆ ಡೇಟಾ ಎತ್ತುವ ಜಾಬ್ ಶುರುವಾದ ಸಮಯವನ್ನು ಡೇಟಾದ ಜೊತೆಗೇ ಬರೆದಿಟ್ಟು, ಅದನ್ನು ಟೇಬಲ್ ಜಾಬ್ ಮೂಲಕ ತೆರೆಯ ತನಕ ಸಾಗಿಸಿದೆವು. ಈಗ ಮೂಲೆಯಲ್ಲಿ "9:00ರ ವರೆಗಿನ ಡೇಟಾ" ಅಂತ ಬರುತ್ತದೆ. ಅದು ನಲವತ್ತೈದು ನಿಮಿಷಕ್ಕಿಂತ ಹಳೆಯದಾಗಿದ್ದು, ನಿರ್ಧಾರದ ಹೊತ್ತು ಬಂದಿದ್ದರೆ ಬಣ್ಣ ಬದಲಾಗುತ್ತದೆ. ಆಗ ಮೇಡಂ ಅಂಕಿ ನಂಬದೆ ಕೆಳಗಿಳಿದು ಹೋಗಿ ಕಣ್ಣಾರೆ ಎಣಿಸುತ್ತಾರೆ.

ಇಷ್ಟೆಲ್ಲ ಆದ ಮೇಲೆ ಹಗಲಿನ ಓಟಕ್ಕೆ ಟೈಮ್‌ಟೇಬಲ್ ಫೈಲಿನಲ್ಲಿ ಉಳಿದದ್ದು ಒಂದು ಸಾಲು, ಬೆಳಗ್ಗೆ 9ರಿಂದ ಸಂಜೆ 5ರ ವರೆಗೆ ಎರಡು ಗಂಟೆಗೊಮ್ಮೆ ಸರಪಳಿ ಓಡಿಸುವಂಥದ್ದು:

```
# 9:30 11:30 1:30 3:30 5:30 ಮೇಜು ಬದಲಾವಣೆ; 9:30 1:30 5:30 ಲಾರಿ
0 9-17/2 * * *  run_chain.sh
```

ಮೇಲಿನ ಆ ಕಮೆಂಟ್ ಇಡಲೇಬೇಕು ಅಂತ ನಾನು ಹಟ ಹಿಡಿದೆ. ಕೆಲವು ತಿಂಗಳ ಮೇಲೆ ಗೋದಾಮಿಗೆ ರಾತ್ರಿ 9ರ ನಾಲ್ಕನೇ ಲಾರಿ ಸೇರಿತು, ಅದರ ನಿರ್ಧಾರ 7:30ಕ್ಕೆ. ಅಷ್ಟರಲ್ಲಿ ನಾನು ಆ ಕೆಲಸ ಬಿಟ್ಟಿದ್ದೆ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಆ ಕಮೆಂಟ್ ಓದಿ, ಯಾರನ್ನೂ ಕೇಳದೆ 17 ಇದ್ದದ್ದನ್ನು 19 ಮಾಡಿ, ಮೇಲೆ 7:30 ಅಂತ ಸೇರಿಸಿದ್ದಳು.